ಬಿಸಿಯೂಟದ ತಟ್ಟೆಯಲ್ಲಿ ಜೇನಿನ ತುತ್ತು ಯಾವುದು? ಭಾಷಣ ಬರೆದುಕೊಡುವ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ಶಿಕ್ಷಕರೇ, ಬೆಳಗಿನ ಪ್ರಾರ್ಥನಾ ಸಭೆಗಾಗಿ ಮಕ್ಕಳಿಗೆ ಭಾಷಣ ಬರೆದುಕೊಡುವ ಶಿಕ್ಷಕ-ಶಿಕ್ಷಕಿಯರೇ,

ನಾನು ಶಿರಸಿ ಸೀಮೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತುಡುವೆ ಜೇನಿನ ಪೆಟ್ಟಿಗೆಗಳನ್ನು ಇಟ್ಟುಕೊಂಡು ಬಂದವನು. ಜೇನು ಸಾಕುವವನೆಂಬ ಕಾರಣಕ್ಕೆ ಹೋದ ಮಳೆಗಾಲದಲ್ಲಿ ಒಂದು ಹಿರಿಯ ಪ್ರಾಥಮಿಕ ಶಾಲೆಯವರು ನನ್ನನ್ನು ಪ್ರಾರ್ಥನೆಯ ಹೊತ್ತಿಗೆ ಕರೆದಿದ್ದರು. ಅಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಚೀಟಿಯನ್ನೂ ನೋಡದೆ ಐದು ನಿಮಿಷ ಜೇನಿನ ಬಗ್ಗೆ ಮಾತನಾಡಿದಳು. ಜೇನುನೊಣ ಇಲ್ಲವಾದರೆ ನಾಲ್ಕೇ ವರ್ಷದಲ್ಲಿ ಮನುಷ್ಯಕುಲ ಅಳಿದುಹೋಗುತ್ತದೆ ಎಂದು ಐನ್‌ಸ್ಟೀನ್ ಹೇಳಿದ್ದಾರೆ ಎಂದಳು. ನಾವು ಉಣ್ಣುವ ಪ್ರತಿ ಮೂರು ತುತ್ತಿನಲ್ಲಿ ಒಂದು ತುತ್ತು ಜೇನು ಕೊಟ್ಟದ್ದು ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮಧ್ಯಾಹ್ನ ಮಕ್ಕಳ ಪಂಕ್ತಿಯಲ್ಲೇ ನನ್ನನ್ನೂ ಊಟಕ್ಕೆ ಕೂರಿಸಿದಾಗ, ಪಕ್ಕದಲ್ಲಿದ್ದ ಹುಡುಗನೊಬ್ಬ ತನ್ನ ತಟ್ಟೆಯನ್ನು ನನ್ನ ಕಡೆ ಸರಿಸಿ, "ಇದ್ರಲ್ಲಿ ಜೇನಿಂದು ಯಾವ್ದು ಅಜ್ಜಾ?" ಎಂದು ಕೇಳಿದ. ತಟ್ಟೆಯಲ್ಲಿದ್ದದ್ದು ಅನ್ನ ಮತ್ತು ಸಿಹಿಗುಂಬಳದ ಸಾಂಬಾರು. ಆ ಕ್ಷಣಕ್ಕೆ ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. ಈ ಪತ್ರ ಆ ಹುಡುಗನಿಗೆ ಸಲ್ಲಬೇಕಾದ ಉತ್ತರ. ನಾಳೆ ಇನ್ನೊಂದು ಮಗುವಿನ ಕೈಗೆ ಅದೇ ಭಾಷಣವನ್ನು ಬರೆದುಕೊಡುವವರು ನೀವಾದ್ದರಿಂದ ಅದನ್ನು ನಿಮ್ಮ ಹೆಸರಿಗೆ ಬರೆಯುತ್ತಿದ್ದೇನೆ.

ಮೊದಲು ಆ ಎರಡು ವಾಕ್ಯಗಳ ವಿಚಾರ. ಐನ್‌ಸ್ಟೀನ್ ತೀರಿಕೊಂಡದ್ದು 1955ರಲ್ಲಿ. ಅವರ ಬರಹದಲ್ಲಾಗಲಿ ದಾಖಲಾದ ಮಾತುಗಳಲ್ಲಾಗಲಿ ಜೇನಿನ ಕುರಿತ ಈ ಹೇಳಿಕೆ ಸಿಕ್ಕಿಲ್ಲ. ಅದು ಅವರ ಹೆಸರಿನೊಡನೆ ಪ್ರಚಾರಕ್ಕೆ ಬಂದದ್ದು 1990ರ ದಶಕದಲ್ಲಿ, ಯುರೋಪಿನ ಜೇನು ಸಾಕಣೆಗಾರರ ಪ್ರತಿಭಟನೆಯ ಕಾಲಕ್ಕೆ. ಹೇಳಿದವರು ಯಾರೇ ಆಗಿರಲಿ, ಮಾತಂತೂ ನಿಜವಲ್ಲ. ಅಕ್ಕಿ, ಗೋಧಿ, ಜೋಳ, ರಾಗಿ ಇವು ಯಾವುದಕ್ಕೂ ಜೇನಿನ ಹಂಗಿಲ್ಲ.

ಮೂರು ತುತ್ತಿನ ಮಾತಿಗೆ ಒಂದು ಆಧಾರವಿದೆ, ಆದರೆ ಅದನ್ನು ತಪ್ಪಾಗಿ ಓದಿಕೊಳ್ಳಲಾಗಿದೆ. ಪ್ರಪಂಚದ 115 ಮುಖ್ಯ ಆಹಾರ ಬೆಳೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವುಗಳಲ್ಲಿ 87 ಬೆಳೆಗಳಿಗೆ ಪರಾಗಸ್ಪರ್ಶಕ್ಕಾಗಿ ಪ್ರಾಣಿಗಳ ನೆರವು ಒಂದಲ್ಲ ಒಂದು ಪ್ರಮಾಣದಲ್ಲಿ ಬೇಕು ಎಂದು ಕಂಡುಕೊಂಡಿತು. ಆ ಬೆಳೆಗಳೆಲ್ಲವನ್ನೂ ಸೇರಿಸಿದರೆ ಪ್ರಪಂಚದ ಆಹಾರ ಉತ್ಪನ್ನದ ಶೇ. 35ರಷ್ಟಾಗುತ್ತದೆ, ಮೂರರಲ್ಲೊಂದು ಎಂಬ ಲೆಕ್ಕ ಹುಟ್ಟಿದ್ದು ಇಲ್ಲಿಂದ. ಆದರೆ ನೆರವು ಬೇಕು ಎಂದ ಮಾತ್ರಕ್ಕೆ ನೆರವಿಲ್ಲದಿದ್ದರೆ ಬೆಳೆಯೇ ಇಲ್ಲ ಎಂದು ಅರ್ಥವಲ್ಲ. ಕೆಲವು ಬೆಳೆಗಳ ಇಳುವರಿ ಪೂರ್ತಿ ನಿಂತರೆ, ಹಲವು ಬೆಳೆಗಳದ್ದು ಸ್ವಲ್ಪ ಮಾತ್ರ ಇಳಿಯುತ್ತದೆ. ಎಲ್ಲ ಪರಾಗಸ್ಪರ್ಶಕಗಳೂ ಹೋದರೆ ಪ್ರಪಂಚದ ಒಟ್ಟು ಬೆಳೆಯ ತೂಕದಲ್ಲಿ ಆಗುವ ನಷ್ಟವನ್ನು ಶೇ. 5ರಿಂದ 8ರಷ್ಟೆಂದು ಅಂದಾಜಿಸಿದ್ದಾರೆ. ಅದರಲ್ಲಿಯೂ ಪ್ರಾಣಿಗಳು ಎಂದರೆ ಜೇನುನೊಣ ಮಾತ್ರವಲ್ಲ. ಒಂಟಿ ದುಂಬಿ, ಚಿಟ್ಟೆ, ಪತಂಗ, ನೊಣ, ಬಾವಲಿ ಎಲ್ಲವೂ ಆ ಲೆಕ್ಕದೊಳಗೆ ಬರುತ್ತವೆ.

ಹೀಗೆಂದರೆ ಜೇನಿನ ಬೆಲೆಯನ್ನು ನಾನೇ ಇಳಿಸಿದಂತಾಯಿತು ಎಂದು ನಿಮಗೆ ಅನಿಸಬಹುದು. ಆ ಅನುಮಾನಕ್ಕೆ ಉತ್ತರ ಆ ಹುಡುಗನ ತಟ್ಟೆಯಲ್ಲೇ ಇದೆ.

ಅನ್ನದಿಂದ ಪ್ರಾರಂಭಿಸೋಣ. ಭತ್ತದ ಹೂವು ಅರಳುವ ಹೊತ್ತಿಗೆ ತನ್ನ ಪರಾಗವನ್ನು ತಾನೇ ಪಡೆದುಕೊಂಡಿರುತ್ತದೆ. ಸಾಂಬಾರಿನ ತೊಗರಿಬೇಳೆಯೂ ಬಹುಮಟ್ಟಿಗೆ ಹಾಗೆಯೇ. ಮೊಗ್ಗಿನೊಳಗೇ ಹೆಚ್ಚಿನ ಕೆಲಸ ಮುಗಿದಿರುತ್ತದೆ, ದುಂಬಿಗಳು ಬಂದರೆ ಒಂದಿಷ್ಟು ಬೆರಕೆಯಾಗುತ್ತದೆ ಅಷ್ಟೆ. ಅರಿಶಿನ ಗೆಡ್ಡೆಯಿಂದ ಬೆಳೆಯುವಂಥದ್ದು, ಅದಕ್ಕೆ ಹೂವಿನ ಗೊಡವೆಯೇ ಇಲ್ಲ. ಮೊಟ್ಟೆ ತಿನ್ನದ ಮಕ್ಕಳಿಗೆ ಕೊಡುವ ಬಾಳೆಹಣ್ಣು ಪರಾಗಸ್ಪರ್ಶವಿಲ್ಲದೆ ಬೀಜವಿಲ್ಲದ ಹಣ್ಣಾಗುತ್ತದೆ. ಚಿಕ್ಕಿಯ ಶೇಂಗಾ ತನ್ನಷ್ಟಕ್ಕೆ ತಾನೇ ಕಟ್ಟಿಕೊಂಡು ಮಣ್ಣಿನೊಳಗೆ ಇಳಿಯುತ್ತದೆ. ಹೊಟ್ಟೆ ತುಂಬಿಸುವ ಪದಾರ್ಥಗಳ ಮಟ್ಟಿಗೆ ಜೇನಿನ ಪಾಲು ನಿಜಕ್ಕೂ ಕಡಿಮೆ.

ಸಾಂಬಾರಿನ ಹೋಳುಗಳ ವಿಚಾರಕ್ಕೆ ಬಂದಾಗ ಲೆಕ್ಕ ತಿರುಗುತ್ತದೆ. ಸಿಹಿಗುಂಬಳಕ್ಕೆ ನೊಣ ಬಾರದಿದ್ದರೆ ಕಾಯಿ ಕಡಿಮೆಯಾಗುವುದಲ್ಲ, ಕಾಯಿಯೇ ಆಗುವುದಿಲ್ಲ. ಸಾಂಬಾರಿನ ಪುಡಿಯಲ್ಲಿರುವ ಕೊತ್ತಂಬರಿ ಬೀಜ ಕಟ್ಟುವುದಕ್ಕೆ ಜೇನು ಬಹಳ ಮಟ್ಟಿಗೆ ನೆರವಾಗುತ್ತದೆ. ಒಗ್ಗರಣೆಯ ಎಣ್ಣೆ ಸೂರ್ಯಕಾಂತಿಯದಾದರೆ ಅಲ್ಲಿಯೂ ಜೇನಿದೆ. ನೊಣ ಸರಿಯಾಗಿ ಕೂರದ ಸೂರ್ಯಕಾಂತಿ ತೆನೆಯಲ್ಲಿ ಜೊಳ್ಳು ಹೆಚ್ಚುವುದನ್ನು ಕೊಪ್ಪಳ, ರಾಯಚೂರು ಕಡೆಯ ರೈತರು ಬಲ್ಲರು. ತಾಳೆ ಎಣ್ಣೆಯಾದರೆ ಆ ಶ್ರೇಯಸ್ಸು ಜೇನಿಗಲ್ಲ, ತಾಳೆಯ ಹೂಗೊಂಚಲಲ್ಲಿ ಬದುಕುವ ಒಂದು ಪುಟ್ಟ ಸೊಂಡಿಲು ಹುಳುವಿಗೆ ಸಲ್ಲಬೇಕು. ಗಜ್ಜರಿ ಮತ್ತು ಈರುಳ್ಳಿಯ ಸಂಗತಿ ಇನ್ನೊಂದು ಬಗೆಯದು. ನಾವು ತಿನ್ನುವ ಗೆಡ್ಡೆಗೆ ಪರಾಗ ಬೇಡ, ಆದರೆ ಮುಂದಿನ ವರ್ಷ ಬಿತ್ತುವ ಬೀಜಕ್ಕೆ ಬೇಕು. ಅವುಗಳ ಬೀಜೋತ್ಪಾದನೆ ನೊಣಗಳ ಕಾಲಿನ ಮೇಲೆಯೇ ನಿಂತಿದೆ.

ಆದ್ದರಿಂದ ಹುಡುಗನಿಗೆ ನಾನು ಹೇಳಬೇಕಿದ್ದ ಉತ್ತರ ಇಷ್ಟು: ಜೇನು ಇಲ್ಲದಿದ್ದರೂ ನಿನ್ನ ತಟ್ಟೆಯಲ್ಲಿ ಅನ್ನ ಇರುತ್ತದೆ, ಬೇಳೆ ಇರುತ್ತದೆ, ಇಲ್ಲದಾಗುವುದು ಆ ಹಳದಿ ಹೋಳು. ಆ ಹೋಳಿನ ಹಳದಿ ಬಣ್ಣವೇ ನಮ್ಮ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಅಂಶ. ಅನ್ನದಲ್ಲಿ ಅದು ಇಲ್ಲ. ಜೇನಿಲ್ಲದ ಊಟ ಹೊಟ್ಟೆ ತುಂಬಿಸಬಹುದು, ಆದರೆ ಕಣ್ಣಿಗೆ, ಚರ್ಮಕ್ಕೆ, ರೋಗ ತಡೆಯುವ ಶಕ್ತಿಗೆ ಬೇಕಾದುದು ಅದರಲ್ಲಿ ಕೊರೆಯಾಗುತ್ತದೆ. ನಾಲ್ಕು ವರ್ಷದಲ್ಲಿ ಲೋಕ ಮುಳುಗುವ ಕಥೆಗಿಂತ ಇದು ಸಪ್ಪೆಯಾಗಿ ಕೇಳಿಸುತ್ತದೆ, ಒಪ್ಪುತ್ತೇನೆ. ಆದರೆ ಇದನ್ನು ಶಾಲೆಯ ಕೈತೋಟದಲ್ಲಿ ಮಗು ತಾನೇ ನೋಡಿ ತಿಳಿಯಬಹುದು.

ಕುಂಬಳದ ಬಳ್ಳಿಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಗಂಡು ಹೂವಿಗೆ ಉದ್ದನೆಯ ತೆಳು ತೊಟ್ಟು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಮಿಡಿ ಮೊದಲೇ ಇರುತ್ತದೆ. ಎರಡೂ ನಸುಕಿನಲ್ಲಿ ಅರಳಿ ಹತ್ತು ಗಂಟೆಯ ಸುಮಾರಿಗೆ ಮುಚ್ಚಿಕೊಳ್ಳುತ್ತವೆ. ಹೆಣ್ಣು ಹೂವಿನ ಆಯುಷ್ಯ ಆ ಒಂದು ಬೆಳಗು ಮಾತ್ರ. ಗಂಡು ಹೂವಿನ ಪರಾಗದ ಕಣ ದಪ್ಪನೆಯದು, ಅಂಟಂಟಾದದ್ದು, ಗಾಳಿಗೆ ಹಾರುವಂಥದ್ದಲ್ಲ. ಕಾಯಿಯೊಳಗಿನ ನೂರಾರು ಬೀಜಗಳಲ್ಲಿ ಪ್ರತಿಯೊಂದಕ್ಕೂ ಒಂದು ಕಣವಾದರೂ ತಲುಪಬೇಕಾಗಿರುವುದರಿಂದ ಒಂದೆರಡು ಕಣ ತಾಗಿದರೆ ಸಾಲದು. ಜೇನುನೊಣದ ಮೈ ತುಂಬ ಇರುವ ಕವಲು ಕೂದಲಿಗೆ ಪರಾಗ ಮೆತ್ತಿಕೊಳ್ಳುತ್ತದೆ. ಅದು ಬಹುಪಾಲನ್ನು ಕಾಲಿನಿಂದ ಬಾಚಿ ಹಿಂಗಾಲಿನ ಬುಟ್ಟಿಗೆ ತುಂಬಿದರೂ ಒಂದಿಷ್ಟು ಮೈಮೇಲೆ ಉಳಿದೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಒಂದು ಸಲ ಗೂಡಿನಿಂದ ಹೊರಟ ನೊಣ ಸಾಮಾನ್ಯವಾಗಿ ಆ ಸುತ್ತಿನಲ್ಲಿ ಒಂದೇ ಜಾತಿಯ ಹೂವನ್ನು ಹಿಡಿದು ಹೋಗುತ್ತದೆ. ಕುಂಬಳದ ಪರಾಗ ದಾಸವಾಳಕ್ಕೆ ಹೋಗಿ ವ್ಯರ್ಥವಾಗದೆ ಕುಂಬಳಕ್ಕೇ ಸೇರುವುದು ನೊಣದ ಈ ಅಭ್ಯಾಸದಿಂದ.

ಆ ಶಾಲೆಯ ಹಿತ್ತಿಲಿನಲ್ಲಿ ಮೂರು ಕುಂಬಳದ ಬಳ್ಳಿಗಳಿದ್ದವು. ಊಟದ ದಿನ ಬಾಯಿಗೆ ಬಾರದ ಉತ್ತರವನ್ನು ಮಾಡಿ ತೋರಿಸೋಣವೆಂದು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಎರಡು ವಾರದ ನಂತರ ಮತ್ತೆ ಹೋದೆ. ಸಂಜೆ ಶಾಲೆ ಬಿಡುವ ಹೊತ್ತಿಗೆ, ಮರುದಿನ ಅರಳಲಿರುವ ಹೆಣ್ಣು ಮೊಗ್ಗುಗಳನ್ನು ಮಕ್ಕಳೇ ಹುಡುಕಿದರು. ಅಂಥ ಮೊಗ್ಗಿನ ತುದಿ ಹಸಿರಿನಿಂದ ಹಳದಿಗೆ ತಿರುಗಿರುತ್ತದೆ. ಪ್ರತಿ ಬಳ್ಳಿಯಲ್ಲಿ ಮೂರರಂತೆ ಒಂಬತ್ತು ಮೊಗ್ಗು ಸಿಗಲು ನಾಲ್ಕು ಸಂಜೆ ಬೇಕಾಯಿತು. ಪ್ರತಿ ಬಳ್ಳಿಯ ಮೊದಲನೆಯದಕ್ಕೆ ತೆಳುವಾದ ಹತ್ತಿಬಟ್ಟೆಯ ಚೀಲ ಕಟ್ಟಿ ಹಾಗೇ ಬಿಟ್ಟೆವು. ಎರಡನೆಯದಕ್ಕೂ ಚೀಲ ಕಟ್ಟಿ, ಬೆಳಿಗ್ಗೆ ಏಳು ಗಂಟೆಗೆ ಬಿಚ್ಚಿ, ಗಂಡು ಹೂವೊಂದನ್ನು ಕಿತ್ತು ಎಸಳು ತೆಗೆದು, ಅದರ ಪರಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ ಮತ್ತೆ ಚೀಲ ಕಟ್ಟಿದೆವು. ಮೂರನೆಯದನ್ನು ಮುಟ್ಟದೆ ನೊಣಗಳಿಗೆ ಬಿಟ್ಟು, ಗುರುತಿಗೊಂದು ದಾರ ಕಟ್ಟಿದೆವು. ಪ್ಲಾಸ್ಟಿಕ್ ಚೀಲ ಮಾತ್ರ ಕಟ್ಟಬಾರದು; ಒಳಗೆ ಬೆವರಿ ಹೂ ಕೊಳೆತರೆ ತಪ್ಪು ಜೇನಿನದೋ ಚೀಲದ್ದೋ ತಿಳಿಯುವುದಿಲ್ಲ.

ವಾರದೊಳಗೆ ಚೀಲದಲ್ಲೇ ಉಳಿದ ಮೂರೂ ಮಿಡಿಗಳು ಹಳದಿಯಾಗಿ ಮುದುಡಿ ಉದುರಿದವು. ಕೈಯಿಂದ ಪರಾಗ ಸವರಿದ ಮೂರರಲ್ಲಿ ಎರಡು, ನೊಣಗಳಿಗೆ ಬಿಟ್ಟ ಮೂರರಲ್ಲಿ ಎರಡು ಕಾಯಿಗಟ್ಟಿದವು. ಉಳಿದೆರಡು ಯಾಕೆ ಹೋದವು ಎಂದು ಮಕ್ಕಳು ಕೇಳಿದರು, ಕೇಳಲೇಬೇಕು. ಒಂದೇ ಬಳ್ಳಿ ಎಲ್ಲ ಮಿಡಿಗಳನ್ನೂ ಸಾಕಲಾರದು. ಮೊದಲು ಕಟ್ಟಿದ ಕಾಯಿ ಬೆಳೆಯುತ್ತಿದ್ದರೆ ನಂತರದ್ದನ್ನು ಬಳ್ಳಿಯೇ ಕೈಬಿಡುತ್ತದೆ. ಒಂಬತ್ತೇ ಹೂವಿನ ಪ್ರಯೋಗದಿಂದ ಶೇಕಡಾವಾರು ಲೆಕ್ಕ ಹೇಳಲು ಬರುವುದಿಲ್ಲ, ಆದರೆ ಪರಾಗ ತಲುಪದ ಮಿಡಿ ಒಂದೂ ನಿಲ್ಲಲಿಲ್ಲ ಎಂಬುದನ್ನು ಮಕ್ಕಳು ಕಣ್ಣಾರೆ ಕಂಡರು. ಕೈಯಿಂದ ಮಾಡಿದ ಹೂವುಗಳು ಪ್ರಯೋಗದಲ್ಲಿ ಇರಲೇಬೇಕು. ಅವಿಲ್ಲದಿದ್ದರೆ ಮಿಡಿ ಉದುರಿದ್ದು ಚೀಲ ಕಟ್ಟಿದ್ದರಿಂದಲೋ ಪರಾಗ ಸಿಗದೆಯೋ ಎಂದು ಹೇಳುವುದು ಸಾಧ್ಯವಿಲ್ಲ.

ಈ ಪ್ರಯೋಗ ಹಿತ್ತಲಿನ ಹಳೆಯ ತಪ್ಪು ತಿಳಿವಳಿಕೆಯೊಂದನ್ನು ಸರಿಪಡಿಸುವುದರಿಂದ ನಾನು ಇಷ್ಟು ವಿಸ್ತಾರವಾಗಿ ಬರೆದೆ. ಮಳೆ ಹಿಡಿದಾಗ ನೊಣ ಹಾರುವುದಿಲ್ಲ, ಸೌತೆ-ಕುಂಬಳದ ಮಿಡಿಗಳು ಸಾಲಾಗಿ ಉದುರುತ್ತವೆ. ಅದನ್ನು ಕಂಡವರು ರೋಗ ಬಂತೆಂದು ಭಾವಿಸಿ ಬೆಳಗಿನ ಹೊತ್ತಿಗೇ ಕೀಟನಾಶಕ ಹೊಡೆಯುತ್ತಾರೆ. ಮಳೆ ಬಿಟ್ಟ ದಿನ ಹೂವಿಗೆ ಬಂದ ನೊಣಗಳು ಸಾಯುತ್ತವೆ, ಉದುರುವುದು ಮತ್ತಷ್ಟು ಹೆಚ್ಚುತ್ತದೆ. ನನ್ನ ಪೆಟ್ಟಿಗೆಯ ಬಾಗಿಲಲ್ಲಿ ನಾಲಗೆ ಚಾಚಿ ಸತ್ತ ನೊಣಗಳ ರಾಶಿ ಕಂಡಾಗಲೆಲ್ಲ ಸುತ್ತಲಿನ ಯಾವುದೋ ತೋಟದಲ್ಲಿ ಅಂದು ಬೆಳಿಗ್ಗೆ ಔಷಧಿ ಹೊಡೆದಿದ್ದಾರೆ ಎಂದು ಊಹಿಸುತ್ತೇನೆ, ಆ ಊಹೆ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಉದುರಿದ ಮಿಡಿಯನ್ನು ಕೈಗೆತ್ತಿಕೊಂಡು ನೋಡಿದರೆ ಕಾರಣ ಬಹುಪಾಲು ತಿಳಿಯುತ್ತದೆ. ಗಾಯವಿಲ್ಲದೆ, ತುದಿಯಿಂದ ಹಳದಿಯಾಗುತ್ತ ಬಂದು ಮುದುಡಿದ್ದರೆ ಪರಾಗದ ಕೊರತೆಯನ್ನು ಮೊದಲು ಸಂಶಯಿಸಬೇಕು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಕಲೆ, ಅದರಿಂದ ಒಸರಿದ ಅಂಟು, ಕೊಯ್ದರೆ ಒಳಗೆ ಬಿಳಿ ಹುಳು ಇದ್ದರೆ ಅದು ಹಣ್ಣುನೊಣದ ಕೆಲಸ. ಒಂದು ಕಡೆ ಸಣ್ಣಗಾಗಿ ಸೊಟ್ಟಗಾದ ಸೌತೆಯನ್ನು ಉದ್ದಕ್ಕೆ ಸೀಳಿದರೆ ಆ ಸಣ್ಣ ಭಾಗದಲ್ಲಿ ಬೀಜಗಳು ಜೊಳ್ಳಾಗಿರುವುದು ಅನೇಕ ಸಲ ಕಾಣಿಸುತ್ತದೆ. ನೊಣ ಬಂದಿದೆ, ಸಾಕಷ್ಟು ಸಲ ಬಂದಿಲ್ಲ. ನೀರಿನ ಕೊರತೆಯಿಂದಲೂ ಕಾಯಿ ಸೊಟ್ಟಗಾಗುವುದುಂಟು, ಆದ್ದರಿಂದ ಬೀಜ ನೋಡದೆ ತೀರ್ಮಾನಿಸಬಾರದು. ಔಷಧಿ ಹೊಡೆಯಲೇಬೇಕಾದರೆ ಹೂ ಮುಚ್ಚಿ, ನೊಣಗಳು ಗೂಡು ಸೇರಿದ ಸಂಜೆಯ ಹೊತ್ತಿನಲ್ಲಿ ಹೊಡೆದರೆ ಹಾನಿ ಬಹಳ ಕಡಿಮೆಯಾಗುತ್ತದೆ.

ಜೇನಿನ ಮಿತಿಯನ್ನೂ ಮಕ್ಕಳಿಗೆ ಹೇಳಬೇಕೆಂದು ನನ್ನ ಕೋರಿಕೆ. ಬದನೆ ಮತ್ತು ಟೊಮೆಟೊ ಹೂವಿನ ಪರಾಗ ಸಣ್ಣ ಕೊಳವೆಯೊಳಗೆ ಮುಚ್ಚಿಕೊಂಡಿರುತ್ತದೆ. ಉಪ್ಪಿನ ಡಬ್ಬಿಯನ್ನು ಅಲುಗಿಸಿದಂತೆ ಹೂವನ್ನು ಅದುರಿಸಿದರೆ ಮಾತ್ರ ಉದುರುತ್ತದೆ. ಹಾಗೆ ಗುಂಯ್‌ಗುಟ್ಟಿ ಅದುರಿಸುವ ವಿದ್ಯೆ ಜೇನುನೊಣಕ್ಕಿಲ್ಲ. ನೀಲಿ ಪಟ್ಟೆಯ ಒಂಟಿ ದುಂಬಿಗೆ, ಮರ ಕೊರೆಯುವ ಕಪ್ಪು ದುಂಬಿಗೆ ಇದೆ. ಸೋರೆಯ ಬಿಳಿ ಹೂ ಸಂಜೆಗೆ ಅರಳುತ್ತದೆ, ಅಲ್ಲಿ ಪತಂಗಗಳ ಪಾಲು ದೊಡ್ಡದು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಹೆಚ್ಚಿನವನ್ನು ಅಳಿಸಿಹಾಕಿತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಕೋಣೆಯಲ್ಲೇ ಸಾಯುತ್ತಿದ್ದವು. ನನ್ನ ಹದಿನಾಲ್ಕು ಪೆಟ್ಟಿಗೆಗಳಲ್ಲಿ ಉಳಿದದ್ದು ಎರಡು. ಆ ವರ್ಷ ಊರಿನಲ್ಲಿ ಸೌತೆ ಬಿಡದೆ ಹೋಗಲಿಲ್ಲ, ಏಕೆಂದರೆ ಹೆಜ್ಜೇನು, ಕೋಲುಜೇನು, ಮಿಸರಿ, ಒಂಟಿ ದುಂಬಿಗಳು ಇದ್ದವು. ಕಾಯಿ ಎಷ್ಟು ಕಡಿಮೆಯಾಯಿತೆಂದು ಯಾರೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ, ಪೆಟ್ಟಿಗೆಗಳ ಚಿಂತೆಯಲ್ಲಿದ್ದೆ. ಪೆಟ್ಟಿಗೆಯ ಜೇನೊಂದೇ ಜೇನು ಎಂಬಂತೆ ಬರೆದ ಭಾಷಣದಲ್ಲಿ ಇವುಗಳಿಗೆಲ್ಲ ಜಾಗವೇ ಇರುವುದಿಲ್ಲ.

ಇಷ್ಟು ಬರೆದ ಮೇಲೆ ಭಾಷಣವನ್ನೂ ಬರೆದುಕೊಡದಿದ್ದರೆ ತಪ್ಪು ಹುಡುಕಿ ಸುಮ್ಮನಾದವನಾಗುತ್ತೇನೆ. ಮೂರು ನಿಮಿಷದೊಳಗೆ ಮುಗಿಯುವಂಥದ್ದು ಇಲ್ಲಿದೆ. ತಟ್ಟೆಯ ಪದಾರ್ಥವನ್ನು ನಿಮ್ಮೂರಿನ ಅಡುಗೆಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

"ಎಲ್ಲರಿಗೂ ನಮಸ್ಕಾರ. ಇಂದು ಮಧ್ಯಾಹ್ನ ನಮಗೆ ಅನ್ನ ಮತ್ತು ಕುಂಬಳಕಾಯಿ ಸಾಂಬಾರು. ಅನ್ನಕ್ಕೆ ಜೇನುನೊಣ ಬೇಕಾಗಿಲ್ಲ, ಬೇಳೆಗೂ ಹೆಚ್ಚು ಬೇಕಾಗಿಲ್ಲ. ಕುಂಬಳಕಾಯಿಗೆ ಬೇಕು. ಕುಂಬಳದ ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಲುಪದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ಆ ಪರಾಗ ಗಾಳಿಗೆ ಹಾರುವುದಿಲ್ಲ, ನೊಣದ ಮೈಗೆ ಅಂಟಿಕೊಂಡು ಹೋಗುತ್ತದೆ. ನಮ್ಮ ಕೈತೋಟದಲ್ಲಿ ಮೂರು ಹೂವಿಗೆ ಚೀಲ ಕಟ್ಟಿ ಬಿಟ್ಟಿದ್ದೆವು, ಮೂರೂ ಉದುರಿದವು. ಅವು ಮೇಜಿನ ಮೇಲಿವೆ, ಬಂದು ನೋಡಿ. ಪಕ್ಕದಲ್ಲಿರುವ ಕಾಯಿ ನೊಣ ಕುಳಿತ ಹೂವಿನದು. ಇದರ ಹಳದಿ ತಿರುಳಿನಲ್ಲಿ ಕಣ್ಣಿಗೆ ಬೇಕಾದ ಸತ್ವವಿದೆ, ಅನ್ನದಲ್ಲಿ ಅದಿಲ್ಲ. ಬದನೆಕಾಯಿ ಸಾಂಬಾರು ಮಾಡಿದ ದಿನ ಕಪ್ಪು ದುಂಬಿಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಅದು ಜೇನುನೊಣದ ಕೆಲಸವಲ್ಲ. ಕುಂಬಳದ ಹೂವಿಗೆ ಬೆಳಿಗ್ಗೆ ಔಷಧಿ ಹೊಡೆಯಬೇಡಿ ಎಂದು ನಿಮ್ಮ ಮನೆಯಲ್ಲಿ ಹೇಳಿ; ಹೊಡೆಯುವುದಿದ್ದರೆ ಸಂಜೆ ಹೊಡೆಯಲಿ."

ಕೊನೆಯದಾಗಿ ದಿನಾಂಕದ ವಿಷಯ. ವಿಶ್ವ ಜೇನು ದಿನವೆಂದು ವಿಶ್ವಸಂಸ್ಥೆ ಗೊತ್ತುಮಾಡಿರುವುದು ಮೇ 20. ಸ್ಲೊವೇನಿಯದ ಜೇನು ಸಾಕಣೆಯ ಗುರು ಆಂಟನ್ ಯಾನ್ಶ ಅವರಿಗೆ 1734ರಲ್ಲಿ ನಾಮಕರಣವಾದ ದಿನವದು. ಅಲ್ಲಿ ಅದು ಹೂವಿನ ಕಾಲ. ನಮ್ಮ ಶಾಲೆಗಳಿಗೆ ಆಗ ಬೇಸಿಗೆ ರಜೆ, ಕೈತೋಟದ ಬಳ್ಳಿಗಳು ಬಿತ್ತಿಯೂ ಇರುವುದಿಲ್ಲ. ರಜೆ ಮುಗಿದು ಜೂನ್ ಮೊದಲ ವಾರದಲ್ಲಿ ಈ ಭಾಷಣವನ್ನು ಮುಗಿಸಿಬಿಡುವ ಬದಲು, ಆ ವಾರ ಕುಂಬಳದ ಬೀಜ ಊರಿ, ಬಳ್ಳಿ ಹೂ ಬಿಡುವ ಆಗಸ್ಟ್ ತಿಂಗಳಿಗೆ ಭಾಷಣವನ್ನು ಇಟ್ಟುಕೊಳ್ಳಬೇಕೆಂದು ವಿನಂತಿಸುತ್ತೇನೆ. ಒಂದು ತೊಡಕಿದೆ: ಪ್ರಾರ್ಥನೆ ಮುಗಿದು ಮಕ್ಕಳು ಹಿತ್ತಿಲಿಗೆ ಹೋಗುವಷ್ಟರಲ್ಲಿ ಕುಂಬಳದ ಹೂ ಮುಚ್ಚತೊಡಗಿರುತ್ತದೆ. ಅಂದೊಂದು ದಿನ ಶಾಲೆಯ ಹತ್ತಿರದ ಮನೆಗಳ ನಾಲ್ಕಾರು ಮಕ್ಕಳನ್ನು ಏಳು ಗಂಟೆಗೆ ಕರೆದು ಹೂವಿಗೆ ಎಷ್ಟು ನೊಣ ಬಂದವೆಂದು ಎಣಿಸಲು ಹೇಳಿ, ಆ ಲೆಕ್ಕವನ್ನು ಅವರಿಂದಲೇ ಸಭೆಯಲ್ಲಿ ಓದಿಸಬಹುದು. ಅಷ್ಟು ಬೇಗ ಬರುವುದು ಆಗದಿದ್ದರೆ ಸೌತೆಯ ಬಳ್ಳಿ ಹಾಕಿ. ಅದರ ಹೂ ಮಧ್ಯಾಹ್ನದವರೆಗೂ ತೆರೆದಿರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ತುಡುವೆ ಸಾಕುವ ಒಬ್ಬ ಅಜ್ಜ
ಶಿರಸಿ ತಾಲ್ಲೂಕು, ಉತ್ತರ ಕನ್ನಡ